ಗೋದಾಮು ತುಂಬಿಸದ ಡೀಲರ್ ಸ್ಕೀಮ್: ಪೇಂಟ್ ಕಂಪನಿಗೊಂದು ಸಮಗ್ರ ಮಾರ್ಗದರ್ಶಿ

ತ್ರೈಮಾಸಿಕದ ಕೊನೆಯ ವಾರದಲ್ಲಿ ಬಿಲ್ಲಿಂಗ್ ಏಕಾಏಕಿ ಏರುವುದು, ಮುಂದಿನ ತಿಂಗಳ ಮೊದಲ ಹದಿನೈದು ದಿನ ಆರ್ಡರ್‌ಗಳೇ ಬಾರದಿರುವುದು, ಆಮೇಲೆ ಮತ್ತೆ ಅದೇ ಏರಿಕೆ. ಪೇಂಟ್ ಕಂಪನಿಗಳ ಮಾರಾಟ ವಿಭಾಗದಲ್ಲಿ ಇದು ಎಷ್ಟು ಮಾಮೂಲಿಯೆಂದರೆ, ಮಾರುಕಟ್ಟೆಯೇ ಹೀಗೆ ಎಂದು ಹಲವರು ನಂಬಿಬಿಟ್ಟಿರುತ್ತಾರೆ. ಆದರೆ ಮನೆ ಬಣ್ಣ ಬಳಿಸುವವರು ತ್ರೈಮಾಸಿಕ ನೋಡಿ ಬಳಿಸುವುದಿಲ್ಲ. ಈ ಏರಿಳಿತ ಗಿರಾಕಿಯಿಂದ ಬಂದದ್ದಲ್ಲ, ಕಂಪನಿ ತಾನೇ ಬರೆದ ಸ್ಕೀಮ್‌ನಿಂದ ಬಂದದ್ದು. ಗಿರಾಕಿಗೆ ಬೇಕಾಗಿರುವುದಕ್ಕಿಂತ ಹೆಚ್ಚು ಮಾಲನ್ನು ಡೀಲರ್ ಗೋದಾಮಿಗೆ ಇಳಿಸಿ ಅದನ್ನೇ ಮಾರಾಟವೆಂದು ಬರೆದುಕೊಳ್ಳುವುದಕ್ಕೆ ಚಾನೆಲ್ ಸ್ಟಫಿಂಗ್ ಎನ್ನುತ್ತಾರೆ. ಅದಕ್ಕೆ ದಾರಿ ಕೊಡದ ಸ್ಕೀಮನ್ನು ಹಂತ ಹಂತವಾಗಿ ಕಟ್ಟುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ಲೆಕ್ಕ ಸರಳವಾಗಿರಲೆಂದು ಉದ್ದಕ್ಕೂ ಒಬ್ಬನೇ ಕಲ್ಪಿತ ಡೀಲರನ್ನು ಇಟ್ಟುಕೊಳ್ಳೋಣ. ಅವನ ಅಂಗಡಿಯಿಂದ ದಿನಕ್ಕೆ ಸರಾಸರಿ 100 ಲೀಟರ್, ಅಂದರೆ 90 ದಿನದ ತ್ರೈಮಾಸಿಕಕ್ಕೆ 9,000 ಲೀಟರ್ ಪೇಂಟ್ ಹೋಗುತ್ತದೆ. ಎಲ್ಲ ಲೀಟರಿನ ಬೆಲೆಯೂ ಒಂದೇ ಎಂದುಕೊಂಡು, ಹಣವನ್ನೂ ‘ಇಷ್ಟು ಲೀಟರಿನ ಬೆಲೆ’ ಎಂದೇ ಎಣಿಸೋಣ.

## ಹೆಜ್ಜೆ 1: ಈಗಿನ ಸ್ಕೀಮ್‌ನಲ್ಲಿ ಕೊನೆಯ ಲೀಟರಿಗೆ ಎಷ್ಟು ಕೊಡುತ್ತಿದ್ದೀರಿ, ಲೆಕ್ಕ ಹಾಕಿ

ಹೊಸದನ್ನು ಬರೆಯುವ ಮೊದಲು ಹಳೆಯದು ಎಲ್ಲಿ ಕೆಟ್ಟಿದೆ ಎಂದು ನೋಡಬೇಕು. ಸಾಮಾನ್ಯ ಸ್ಲ್ಯಾಬ್ ಸ್ಕೀಮ್ ಹೀಗಿರುತ್ತದೆ: ತ್ರೈಮಾಸಿಕಕ್ಕೆ 10,000 ಲೀಟರ್ ಖರೀದಿಸಿದರೆ ಪೂರ್ತಿ ಖರೀದಿಯ ಮೇಲೆ 4 ಶೇಕಡಾ, ಅದಕ್ಕಿಂತ ಕಡಿಮೆಯಾದರೆ 1 ಶೇಕಡಾ.

ನಮ್ಮ ಡೀಲರ್ 83ನೇ ದಿನಕ್ಕೆ 9,400 ಲೀಟರ್ ಖರೀದಿಸಿದ್ದಾನೆ. ಅಲ್ಲಿಗೇ ನಿಂತರೆ ಅವನಿಗೆ ಸಿಗುವುದು 94 ಲೀಟರಿನ ಬೆಲೆ. ಇನ್ನು 600 ಲೀಟರ್ ಎತ್ತಿದರೆ 10,000ದ 4 ಶೇಕಡಾ, ಅಂದರೆ 400 ಲೀಟರಿನ ಬೆಲೆ. ವ್ಯತ್ಯಾಸ 306. ಹೀಗೆ ಆ ಕೊನೆಯ 600 ಲೀಟರ್ ಮೇಲೆ ಕಂಪನಿ ಕೊಡುತ್ತಿರುವ ನಿಜವಾದ ರಿಯಾಯಿತಿ 51 ಶೇಕಡಾ. ಕಾಗದದ ಮೇಲೆ 4 ಎಂದು ಬರೆದಿದ್ದರೂ ಡೀಲರ್ ಲೆಕ್ಕ ಹಾಕುವುದು ಈ 51ನ್ನೇ, ಮತ್ತು ಅವನ ಲೆಕ್ಕ ಸರಿ.

ಮುಂದಿನದ್ದೆಲ್ಲ ಇದರಿಂದಲೇ ಹುಟ್ಟುತ್ತದೆ. ಆ 600 ಲೀಟರನ್ನು ಅವನು ತನ್ನ ಗೋದಾಮಿನಲ್ಲಿ ಪೇರಿಸಿಡಬಹುದು. ಇಲ್ಲವೇ ಬಿಲ್ ಬೆಲೆಗಿಂತ 30 ಶೇಕಡಾ ಕಡಿಮೆಗೆ ಪಕ್ಕದ ಊರಿನ ಅಂಗಡಿಗೆ ದಾಟಿಸಬಹುದು. ಹಾಗೆ ಮಾಡಿದರೂ ಅವನಿಗೆ ಲಾಭವೇ. ಆಗ ಪಕ್ಕದ ಊರಿನ ಡೀಲರ್ ತನ್ನ ಮಾಲು ಮಾರಲಾರದೆ ಒದ್ದಾಡುತ್ತಾನೆ, ಅವನೂ ತನ್ನ ಸ್ಲ್ಯಾಬ್ ಮುಟ್ಟಲು ಇನ್ನೊಬ್ಬನಿಗೆ ದಾಟಿಸುತ್ತಾನೆ. ಬೆಲೆ ಯಾಕೆ ಕುಸಿಯಿತು ಎಂದು ಕಂಪನಿಯಲ್ಲಿ ಸಭೆ ಸೇರುತ್ತದೆ.

ಪೇರಿಸಿಟ್ಟರೂ ಕಥೆ ಒಳ್ಳೆಯದೇನಲ್ಲ. 10,000 ಖರೀದಿಸಿ 9,000 ಮಾರಿದರೆ ಪ್ರತಿ ತ್ರೈಮಾಸಿಕಕ್ಕೂ 1,000 ಲೀಟರ್ ಉಳಿಯುತ್ತದೆ. ವರ್ಷದ ಆರಂಭದಲ್ಲಿ 3,500 ಲೀಟರ್, ಅಂದರೆ 35 ದಿನದ ದಾಸ್ತಾನು ಇದ್ದದ್ದು ವರ್ಷದ ಕೊನೆಗೆ 7,500 ಲೀಟರ್, 75 ದಿನದ್ದಾಗುತ್ತದೆ. ಇನ್ನೂ ಕೆಟ್ಟ ಸಂಗತಿಯೆಂದರೆ ಮುಂದಿನ ವರ್ಷದ ಟಾರ್ಗೆಟ್ ಹಾಕುವವರು ಈ 10,000ವನ್ನೇ ಬುನಾದಿ ಮಾಡಿಕೊಂಡು 8 ಶೇಕಡಾ ಏರಿಸಿ 10,800 ಬರೆಯುತ್ತಾರೆ.

ನಿಮ್ಮ ಸ್ಕೀಮ್‌ನ ಪ್ರತಿ ಸ್ಲ್ಯಾಬ್ ಗಡಿಯಲ್ಲೂ ಈ ಲೆಕ್ಕ ಮಾಡಿ: ಗಡಿಗೆ 5 ಶೇಕಡಾ ದೂರದಲ್ಲಿರುವ ಡೀಲರಿಗೆ ಉಳಿದ ಲೀಟರುಗಳ ಮೇಲೆ ಸಿಗುವ ನಿಜ ರಿಯಾಯಿತಿ ಎಷ್ಟು? ಅದು ಡೀಲರಿನ ಮಾಮೂಲಿ ಮಾರ್ಜಿನ್‌ಗಿಂತ ಹೆಚ್ಚಿದ್ದರೆ ಆ ಗಡಿಯಲ್ಲಿ ಮಾಲು ತುಂಬಿಕೊಳ್ಳುವುದು ಖಚಿತ. ಡೀಲರ್ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯೇ ಅಲ್ಲಿಲ್ಲ.

## ಹೆಜ್ಜೆ 2: ಅಂಗಡಿಯಿಂದ ಹೊರಟ ಮಾಲನ್ನು ಅಳೆಯುವ ವ್ಯವಸ್ಥೆ ಮಾಡಿ

ಪರಿಹಾರ ಹೇಳಲು ಸುಲಭ: ಡಿಪೋದಿಂದ ಹೊರಟ ಲೀಟರಿಗೆ ಹಣ ಕೊಡಬೇಡಿ, ಡೀಲರ್ ಅಂಗಡಿಯಿಂದ ಹೊರಟ ಲೀಟರಿಗೆ ಕೊಡಿ. ಕಷ್ಟವಿರುವುದು ಅಳೆಯುವುದರಲ್ಲಿ. ಈ ವಿಷಯದಲ್ಲಿ ಪೇಂಟ್ ವ್ಯಾಪಾರಕ್ಕೆ ಬೇರೆ ವ್ಯಾಪಾರಗಳಿಗಿಲ್ಲದ ಒಂದು ಅನುಕೂಲವಿದೆ. ಅದು ಅಂಗಡಿಯಲ್ಲೇ ಬಣ್ಣ ಬೆರೆಸುವ ಟಿಂಟಿಂಗ್ ಮೆಷಿನ್.

ಗಿರಾಕಿ ಶೇಡ್ ಆರಿಸಿದ ಮೇಲೆಯೇ ಬೇಸ್ ಡಬ್ಬವನ್ನು ತೆರೆದು ಕಲರಂಟ್ ಹಾಕುತ್ತಾರೆ. ಒಮ್ಮೆ ಬಣ್ಣ ಬೆರೆತ ಡಬ್ಬವನ್ನು ಇನ್ನೊಬ್ಬರಿಗೆ ಮಾರುವುದು ಕಷ್ಟ, ಕಂಪನಿಗೆ ಹಿಂದಿರುಗಿಸುವಂತಿಲ್ಲ. ಹಾಗಾಗಿ ಮೆಷಿನ್ ಸಾಫ್ಟ್‌ವೇರ್ ಬರೆದಿಡುವ ಪ್ರತಿಯೊಂದು ಟಿಂಟಿಂಗ್ ದಾಖಲೆಯೂ (ಯಾವ ಬೇಸ್, ಎಷ್ಟು ಲೀಟರಿನ ಡಬ್ಬ, ಯಾವ ಶೇಡ್, ಎಷ್ಟು ಹೊತ್ತಿಗೆ) ಹೆಚ್ಚುಕಡಿಮೆ ಒಂದು ನಿಜವಾದ ಮಾರಾಟ. ಮೆಷಿನ್‌ನಿಂದ ಈ ದಾಖಲೆ ದಿನವೂ ತಾನಾಗಿ ಕಂಪನಿಗೆ ತಲುಪುವಂತೆ ಮಾಡುವುದೇ ಇಡೀ ಸ್ಕೀಮ್‌ನ ಅಡಿಪಾಯ. ಅದನ್ನು ಪಡೆಯುವ ಒಪ್ಪಿಗೆಯನ್ನು ಡೀಲರ್ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.

ಇಲ್ಲಿ ಒಂದು ಸಣ್ಣ ಎಚ್ಚರಿಕೆ. ಕಲರಂಟ್‌ಗೆ ಜಾಗ ಬೇಕೆಂದು ಗಾಢ ಬಣ್ಣದ ಬೇಸ್ ಡಬ್ಬವನ್ನು ಪೂರ್ತಿ ತುಂಬಿಸಿರುವುದಿಲ್ಲ. ಬಿಲ್ಲಿನಲ್ಲಿ ಒಂದು ಅಳತೆ, ಟಿಂಟಿಂಗ್ ದಾಖಲೆಯಲ್ಲಿ ಇನ್ನೊಂದು ಅಳತೆ ಇದ್ದರೆ ಕಾರಣವಿಲ್ಲದೆ ಕೆಲವು ಶೇಕಡಾ ವ್ಯತ್ಯಾಸ ಕಾಣಿಸುತ್ತದೆ, ಡೀಲರ್ ಮೇಲೆ ಸುಮ್ಮನೆ ಅನುಮಾನ ಬರುತ್ತದೆ. ಎರಡೂ ಕಡೆ ಡಬ್ಬಗಳನ್ನೇ ಎಣಿಸಿ, ಕೊನೆಯಲ್ಲಿ ಒಂದೇ ಪಟ್ಟಿ ಬಳಸಿ ಲೀಟರಿಗೆ ತಿರುಗಿಸಿ.

ಟಿಂಟಿಂಗ್ ದಾಖಲೆಗೆ ಎಲ್ಲವೂ ಸಿಗುವುದಿಲ್ಲ. ಪ್ರೈಮರ್, ರೆಡಿಮೇಡ್ ಬಿಳಿ, ರೆಡಿಮೇಡ್ ಶೇಡಿನ ಎನಾಮೆಲ್ ಇವು ಸಾಮಾನ್ಯವಾಗಿ ಮೆಷಿನ್ ಕೆಳಗೆ ಬರುವುದಿಲ್ಲ. ಕೆಲವು ಬೇಸ್‌ಗಳೂ ಬಣ್ಣ ಬೆರೆಸದೆ ಬಿಳಿಯಾಗಿಯೇ ಮಾರಾಟವಾಗುತ್ತವೆ. ಇವಕ್ಕೆ ಡಬ್ಬದ ಮುಚ್ಚಳದ ಒಳಗೆ ಪೇಂಟರ್‌ಗಾಗಿ ಇಡುವ ಬಹುಮಾನದ ಟೋಕನ್ ನೆರವಾಗುತ್ತದೆ. ಪೇಂಟರ್ ಡಬ್ಬ ತೆರೆದು ಕೋಡ್ ಸ್ಕ್ಯಾನ್ ಮಾಡಿದ ಕ್ಷಣ ಆ ಡಬ್ಬ ಬಳಕೆಯಾಯಿತು ಎಂದು ಗೊತ್ತಾಗುತ್ತದೆ. ಎಲ್ಲ ಪೇಂಟರ್‌ಗಳೂ ಸ್ಕ್ಯಾನ್ ಮಾಡುವುದಿಲ್ಲವಾದ್ದರಿಂದ ಸ್ಕ್ಯಾನ್ ಪ್ರಮಾಣವನ್ನು ಮೊದಲು ಕಂಡುಕೊಳ್ಳಬೇಕು. ಪ್ರತಿ ಪ್ರದೇಶದಲ್ಲಿ ಕೆಲವು ಅಂಗಡಿಗಳ ದಾಸ್ತಾನನ್ನು ಕೈಯಾರೆ ಎಣಿಸಿ ನಿಜ ಮಾರಾಟ ತಿಳಿದುಕೊಂಡು, ಅದರಲ್ಲಿ ಎಷ್ಟು ಸ್ಕ್ಯಾನ್ ಆಯಿತು ಎಂದು ನೋಡಿ. 3,000 ಲೀಟರ್ ಮಾರಾಟಕ್ಕೆ 1,650 ಲೀಟರ್ ಸ್ಕ್ಯಾನ್ ಆಗಿದ್ದರೆ ಪ್ರಮಾಣ 55 ಶೇಕಡಾ. ಆ ಪ್ರದೇಶದ ಉಳಿದ ಅಂಗಡಿಗಳ ಸ್ಕ್ಯಾನ್ ಸಂಖ್ಯೆಯನ್ನು 0.55ರಿಂದ ಭಾಗಿಸಿದರೆ ಮಾರಾಟದ ಅಂದಾಜು ಸಿಗುತ್ತದೆ. ಈ ಪ್ರಮಾಣವನ್ನು ಪ್ರತಿ ತ್ರೈಮಾಸಿಕಕ್ಕೂ ಹೊಸದಾಗಿ ತೆಗೆಯಬೇಕು, ಟೋಕನ್ ಮೌಲ್ಯ ಬದಲಿಸಿದರೆ ತಕ್ಷಣವೇ ತೆಗೆಯಬೇಕು.

ಕಿಲೋ ಲೆಕ್ಕದಲ್ಲಿ ಮಾರುವ ಪುಟ್ಟಿಯನ್ನು ಲೀಟರಿಗೆ ಬೆರೆಸದೆ ಬೇರೆಯೇ ಇಡಿ.

ಇನ್ನು ಮೂರನೆಯ ಅಳತೆ, ದಾಸ್ತಾನು ಲೆಕ್ಕ. ಆರಂಭದ ದಾಸ್ತಾನಿಗೆ ಖರೀದಿ ಸೇರಿಸಿ, ಹಿಂದಿರುಗಿಸಿದ್ದನ್ನೂ ಕೊನೆಯ ದಾಸ್ತಾನನ್ನೂ ಕಳೆದರೆ ಅಂಗಡಿ ಮಾರಾಟ. ಕೊನೆಯ ದಾಸ್ತಾನನ್ನು ಡೀಲರ್ ತಾನೇ ಘೋಷಿಸುತ್ತಾನೆ. ಸುಮಾರು ಹತ್ತರಲ್ಲೊಂದು ಅಂಗಡಿಯನ್ನು ಚೀಟಿ ಎತ್ತಿದಂತೆ ಆರಿಸಿ, ಮಾರಾಟ ವಿಭಾಗಕ್ಕೆ ಸೇರದವರಿಂದ ಎಣಿಸಬೇಕು.

ಈಗ ಮುಖ್ಯ ನಿಯಮ: ದಾಸ್ತಾನು ಲೆಕ್ಕದಿಂದ ಬಂದ ಮಾರಾಟ ಒಂದು ಕಡೆ, ಟಿಂಟಿಂಗ್ ಮತ್ತು ಸ್ಕ್ಯಾನ್ ಪುರಾವೆಯಿಂದ ಬಂದ ಮಾರಾಟಕ್ಕೆ 5 ಶೇಕಡಾ ಸಡಿಲಿಕೆ ಸೇರಿಸಿದ್ದು ಇನ್ನೊಂದು ಕಡೆ. ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಮಾತ್ರ ಹಣ.

ಎರಡೂ ಯಾಕೆ ಬೇಕು ಎಂಬುದನ್ನು ಮೋಸ ಮಾಡುವವನ ಕಣ್ಣಿನಿಂದ ನೋಡಿದರೆ ಅರ್ಥವಾಗುತ್ತದೆ. ನಮ್ಮ ಡೀಲರ್ 10,000 ಖರೀದಿಸಿ 9,000 ಮಾರಿ, ಉಳಿದ 4,500ರ ಬದಲು 3,500 ಲೀಟರ್ ದಾಸ್ತಾನು ಎಂದು ಘೋಷಿಸಿದ ಎನ್ನಿ. ದಾಸ್ತಾನು ಲೆಕ್ಕ 10,000 ಮಾರಾಟ ತೋರಿಸುತ್ತದೆ. ಪುರಾವೆ 9,000, ಸಡಿಲಿಕೆ ಸೇರಿ 9,450. ಅವನಿಗೆ ಹಣ ಸಿಗುವುದು 9,450ಕ್ಕೆ. ಮುಂದಿನ ತ್ರೈಮಾಸಿಕದಲ್ಲಿ 9,000 ಖರೀದಿಸಿ 9,000 ಮಾರಿ ನಿಜ ಹೇಳಿದರೆ, ಆರಂಭದ ದಾಸ್ತಾನು ಅವನೇ ಹೇಳಿದ 3,500 ಆಗಿರುವುದರಿಂದ ಲೆಕ್ಕದಲ್ಲಿ ಮಾರಾಟ 8,000 ಮಾತ್ರ. ಸುಳ್ಳಿನಿಂದ 450 ಗಳಿಸಿ 1,000 ಕಳೆದುಕೊಂಡಂತಾಯಿತು. ಇನ್ನೊಬ್ಬ ಡೀಲರ್ ಮಾಲನ್ನು ಸಗಟಾಗಿ ಬೇರೆ ಊರಿಗೆ ದಾಟಿಸುತ್ತಾನೆ ಎನ್ನಿ. ಅವನ ದಾಸ್ತಾನು ಲೆಕ್ಕ ಅಚ್ಚುಕಟ್ಟಾಗಿರುತ್ತದೆ, ಎಣಿಸಲು ಹೋದರೂ ತಪ್ಪು ಸಿಗುವುದಿಲ್ಲ. ಆದರೆ ಅವನ ಮೆಷಿನ್‌ನಲ್ಲಿ ಆ ಬೇಸ್‌ಗಳು ಟಿಂಟ್ ಆಗಿರುವುದಿಲ್ಲ, ಪುರಾವೆ ಬೀಳುತ್ತದೆ, ಹಣ ನಿಲ್ಲುತ್ತದೆ.

ಸುಳ್ಳು ಟಿಂಟಿಂಗ್ ಮಾಡಿಸುವವರೂ ಹುಟ್ಟಿಕೊಳ್ಳುತ್ತಾರೆ. ಡಬ್ಬವನ್ನೇ ಇಡದೆ, ಅತಿ ತಿಳಿಯಾದ ಶೇಡ್ ಆರಿಸಿ, ಒಂದೆರಡು ಹನಿ ಕಲರಂಟ್ ಬೀಳಿಸಿ 20 ಲೀಟರ್ ಎಂದು ದಾಖಲೆ ಹುಟ್ಟಿಸುವುದು ಅವರ ಉಪಾಯ. ಇದನ್ನು ಹಿಡಿಯುವುದು ಕಷ್ಟವಲ್ಲ. ಒಂದೇ ಶೇಡ್ ನಿಮಿಷಗಳ ಅಂತರದಲ್ಲಿ ಹತ್ತಾರು ಸಲ ಬಂದಿರುತ್ತದೆ, ಅಂಗಡಿ ಮುಚ್ಚುವ ಹೊತ್ತಿಗೆ ಬಂದಿರುತ್ತದೆ, ಡಬ್ಬ ಕಲಕಲು ಬೇಕಾದ ಸಮಯವೂ ಎರಡು ದಾಖಲೆಗಳ ನಡುವೆ ಇರುವುದಿಲ್ಲ. ಇನ್ನೊಂದು ಗುರುತು ಕಲರಂಟ್ ಖರೀದಿ. ತಿಳಿ ಬಣ್ಣಕ್ಕೆ ಲೀಟರಿಗೆ ಕೆಲವೇ ಮಿಲಿಲೀಟರ್, ಗಾಢ ಬಣ್ಣಕ್ಕೆ ಹತ್ತಾರು ಮಿಲಿಲೀಟರ್ ಕಲರಂಟ್ ಬೇಕು. ಮಾರಾಟ ಏರಿದ ಅಂಗಡಿಯಲ್ಲಿ ಕಲರಂಟ್ ಖರೀದಿ ಏರದಿದ್ದರೆ ಗಿರಾಕಿಗಳೆಲ್ಲ ಒಮ್ಮೆಲೇ ತಿಳಿ ಬಣ್ಣಕ್ಕೆ ಮನಸೋತರು ಎಂದು ನಂಬಬೇಕಾಗುತ್ತದೆ.

## ಹೆಜ್ಜೆ 3: ಎಷ್ಟು ದಿನದ ದಾಸ್ತಾನು ಸರಿ ಎಂದು ಮೊದಲೇ ಹೇಳಿ

ದಾಸ್ತಾನನ್ನು ಲೀಟರಿನಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ, ದಿನಗಳಲ್ಲಿ ನೋಡಬೇಕು. ಕೊನೆಯ ದಾಸ್ತಾನನ್ನು ದಿನದ ಸರಾಸರಿ ಅಂಗಡಿ ಮಾರಾಟದಿಂದ ಭಾಗಿಸಿದರೆ ದಿನಗಳು ಸಿಗುತ್ತವೆ. ಎಷ್ಟು ದಿನ ಸರಿ ಎಂಬುದು ಡಿಪೋದಿಂದ ಮಾಲು ಬರಲು ಹಿಡಿಯುವ ಸಮಯ, ಡೀಲರ್ ಎಷ್ಟು ದಿನಕ್ಕೊಮ್ಮೆ ಆರ್ಡರ್ ಹಾಕುತ್ತಾನೆ, ದೊಡ್ಡ ಕೆಲಸ ಹಠಾತ್ತನೆ ಬಂದರೆ ಎಷ್ಟು ಬೇಕು ಎಂಬುದರ ಮೇಲೆ ನಿಂತಿದೆ. ನಮ್ಮ ಉದಾಹರಣೆಗೆ 25ರಿಂದ 40 ದಿನ ಎಂದಿಟ್ಟುಕೊಳ್ಳೋಣ. ಕೆಳಗಿನ ಮಿತಿಯನ್ನು ಮರೆಯಬಾರದು. ದಾಸ್ತಾನು ತೀರಾ ಇಳಿಸಿಕೊಂಡ ಅಂಗಡಿಯಲ್ಲಿ ಗಿರಾಕಿ ಕೇಳಿದ ಬೇಸ್ ಇರುವುದಿಲ್ಲ, ಅವನು ಬೇರೆ ಕಂಪನಿಯ ಶೇಡ್ ಕಾರ್ಡ್ ತಿರುವಿ ಹಾಕುತ್ತಾನೆ.

ಒಟ್ಟು ದಿನಗಳನ್ನಷ್ಟೇ ನೋಡಿದರೆ ಮಾಲು ತುಂಬುವುದು ಅಡಗಿಕೊಳ್ಳುತ್ತದೆ. ಬಿಳಿ ಬೇಸ್ 10 ದಿನಕ್ಕೆ ಸಾಲುವಷ್ಟಿದ್ದು, ಯಾರೂ ಕೇಳದ ಗಾಢ ಬೇಸ್ 200 ದಿನದ್ದಿದ್ದರೂ ಸರಾಸರಿ ಚೆನ್ನಾಗಿಯೇ ಕಾಣಬಹುದು. ಆದ್ದರಿಂದ ಕನಿಷ್ಠ ಮೂರು ಗುಂಪು ಮಾಡಿ: ಬೇಗ ಓಡುವ ಬೇಸ್‌ಗಳು, ನಿಧಾನದ ಗಾಢ ಬೇಸ್‌ಗಳು, ಮೆಷಿನ್‌ಗೆ ಬಾರದ ಮಾಲು. ಗಾಢ ಬೇಸ್‌ಗಳಲ್ಲಿ ಪ್ರತಿ ಅಳತೆಯ ಡಬ್ಬವೂ ಒಂದೆರಡು ಇರಲೇಬೇಕಾದ್ದರಿಂದ ಅವಕ್ಕೆ ಹೆಚ್ಚು ದಿನ ಬಿಡಬೇಕು. 40ರ ಬದಲು 70 ಬಿಟ್ಟರೂ ತಪ್ಪಿಲ್ಲ.

ಪೇಂಟ್‌ಗೆ ಋತುವಿದೆ. ಒಣಹವೆ ಶುರುವಾಗುವ ಮುನ್ನ ಡೀಲರ್ ಮಾಲು ಕೂಡಿಡುವುದು ಸ್ಟಫಿಂಗ್ ಅಲ್ಲ, ಜಾಣತನ. ಹಿಂದಿನ 90 ದಿನದ ನಿಧಾನ ಮಾರಾಟದಿಂದ ಭಾಗಿಸಿದರೆ ಇಂಥ ಜಾಣ ಡೀಲರೇ ತಪ್ಪಿತಸ್ಥನಂತೆ ಕಾಣುತ್ತಾನೆ. ಋತು ತಿರುಗುವ ತಿಂಗಳುಗಳಲ್ಲಿ ಮಾತ್ರ ಭಾಗಿಸುವ ಸಂಖ್ಯೆಯಾಗಿ, ಮುಂಬರುವ 60 ದಿನಗಳ ಅವಧಿಯಲ್ಲಿ ಕಳೆದ ವರ್ಷ ಆಗಿದ್ದ ದಿನದ ಸರಾಸರಿ ಮಾರಾಟವನ್ನು ಬಳಸಿ. ಋತು ಮುಗಿಯುವಾಗಲೂ ಹೀಗೆಯೇ ಮಾಡಬೇಕು. ಭರಾಟೆಯ ಮಾರಾಟದಿಂದ ಭಾಗಿಸಿದಾಗ 35 ದಿನದಂತೆ ಕಾಣುವ ದಾಸ್ತಾನು ಮಳೆಗಾಲ ಹಿಡಿದ ಮೇಲೆ 80 ದಿನದ್ದಾಗಿರುತ್ತದೆ.

ಬೆಲೆ ಏರಿಕೆಯ ಸುದ್ದಿ ಹಬ್ಬಿದಾಗಲೂ ಮಾಲು ತುಂಬಿಕೊಳ್ಳುತ್ತದೆ, ಅದಕ್ಕೆ ಸ್ಕೀಮೇ ಬೇಕಿಲ್ಲ. ಹಳೆಯ ಬೆಲೆಗೆ ಎಷ್ಟು ಕೊಡುತ್ತೀರಿ ಎಂಬುದಕ್ಕೆ ಪ್ರತಿ ಡೀಲರಿಗೂ ಅವನ 15 ದಿನದ ಅಂಗಡಿ ಮಾರಾಟದಷ್ಟು ಮಿತಿ ಹಾಕಿ, ಉಳಿದದ್ದು ಹೊಸ ಬೆಲೆಗೆ ಎಂದು ಪ್ರಕಟಣೆಯಲ್ಲೇ ಬರೆದುಬಿಡಿ.

## ಹೆಜ್ಜೆ 4: ದರಗಳನ್ನು ಹಂಚಿ, ಬಂಡೆಯಂಚನ್ನು ಇಳಿಜಾರು ಮಾಡಿ

ಈಗ ನಮ್ಮ ಡೀಲರಿಗೆ ಹೊಸ ಸ್ಕೀಮ್ ಬರೆಯೋಣ. ಅವನ ಬುನಾದಿ ಮಾರಾಟ 9,000 ಲೀಟರ್. ಇದು ಖರೀದಿಯಿಂದ ಬಂದ ಸಂಖ್ಯೆಯಲ್ಲ, ಹೆಜ್ಜೆ 2ರಲ್ಲಿ ಅಳೆದ ಅಂಗಡಿ ಮಾರಾಟದ್ದು.

ಮೊದಲ ಭಾಗ ಅಂಗಡಿ ಮಾರಾಟಕ್ಕೆ. ಬುನಾದಿಯ 80 ಶೇಕಡಾವರೆಗೆ, ಅಂದರೆ ಮೊದಲ 7,200 ಲೀಟರಿಗೆ 1.5 ಶೇಕಡಾ. ಅಲ್ಲಿಂದ 9,000ದವರೆಗಿನ 1,800 ಲೀಟರಿಗೆ 5 ಶೇಕಡಾ. ಅದರ ಮೇಲಿನದಕ್ಕೆ 7 ಶೇಕಡಾ. ಆಯಾ ಸ್ಲ್ಯಾಬ್‌ನ ದರ ಆ ಸ್ಲ್ಯಾಬ್‌ಗೆ ಬಿದ್ದ ಲೀಟರಿಗೆ ಮಾತ್ರ ಸಲ್ಲುತ್ತದೆ, ಹಿಂದಿನ ಲೀಟರುಗಳಿಗೆ ಹೋಗುವುದಿಲ್ಲ. ಹಾಗಾಗಿ ಯಾವ ಗಡಿಯಲ್ಲೂ ಕೊನೆಯ ಲೀಟರಿನ ನಿಜ ರಿಯಾಯಿತಿ 7 ಶೇಕಡಾ ದಾಟದು. ಹಳೆಯ 51 ಎಲ್ಲಿ, ಈ 7 ಎಲ್ಲಿ. ಅದೂ ಮಾರಿ ತೋರಿಸಿದ ಮೇಲೆ.

ಎರಡನೆಯ ಭಾಗ ಸಮಯಕ್ಕೆ ಹಣ ಪಾವತಿಸಿದ್ದಕ್ಕೆ, ಖರೀದಿಯ 1.5 ಶೇಕಡಾ. ಇದನ್ನು ಹಣಕಾಸು ವಿಭಾಗದ ಬಾಬತ್ತು ಎಂದು ಬೇರೆ ಇಡುವವರಿದ್ದಾರೆ, ಅದು ತಪ್ಪು. ಮಾರಾಟವಾಗದ ಮಾಲಿಗೆ ಹೊತ್ತಿಗೆ ಸರಿಯಾಗಿ ಹಣ ಕಟ್ಟಲು ಯಾವ ಡೀಲರಿಗೂ ಆಗುವುದಿಲ್ಲ. ಹಾಗಾಗಿ ತುಂಬಿಕೊಂಡವನು ಈ ಒಂದೂವರೆ ಶೇಕಡಾವನ್ನು ತಾನಾಗಿಯೇ ಕಳೆದುಕೊಳ್ಳುತ್ತಾನೆ.

ಮೂರನೆಯದು ಶಿಸ್ತಿಗೆ, 0.5 ಶೇಕಡಾ. ಎರಡು ಷರತ್ತು: ಕೊನೆಯ ದಾಸ್ತಾನು ಮೂರೂ ಗುಂಪುಗಳಲ್ಲಿ ಮಿತಿಯೊಳಗೆ ಇರಬೇಕು, ಮತ್ತು ತ್ರೈಮಾಸಿಕದ ಕೊನೆಯ 6 ದಿನಗಳ ಖರೀದಿ ಒಟ್ಟು ಖರೀದಿಯ 10 ಶೇಕಡಾ ದಾಟಿರಬಾರದು. ಸಮವಾಗಿ ಖರೀದಿಸಿದರೆ 6 ದಿನಕ್ಕೆ 7 ಶೇಕಡಾದ ಒಳಗೇ ಬರುತ್ತದೆ, 10 ಎಂಬುದು ಧಾರಾಳವೇ.

ಡೀಲರ್ ಇದನ್ನು ಒಪ್ಪುತ್ತಾನೆಯೇ? ಅವನ ಜೇಬಿನ ಲೆಕ್ಕ ನೋಡಿ. ಹಳೆಯದರಲ್ಲಿ 10,000 ಖರೀದಿಸಿ 400 ಲೀಟರಿನ ಬೆಲೆ ಪಡೆಯುತ್ತಿದ್ದ. ಹೊಸದರಲ್ಲಿ 9,000 ಖರೀದಿಸಿ 9,000 ಮಾರಿದರೆ ಮಾರಾಟಕ್ಕೆ 108 ಮತ್ತು 90 ಸೇರಿ 198, ಪಾವತಿಗೆ 135, ಶಿಸ್ತಿಗೆ 45, ಒಟ್ಟು 378. ಮೊತ್ತ 22 ಲೀಟರಿನಷ್ಟು ಕಡಿಮೆ, ಆದರೆ ಅವನು 1,000 ಲೀಟರಿನ ಹಣವನ್ನು ಗೋದಾಮಿನಲ್ಲಿ ಹೂತಿಡಬೇಕಿಲ್ಲ. ಲೀಟರಿಗೆ ನೋಡಿದರೆ 4ರ ಬದಲು 4.2 ಶೇಕಡಾ ಸಿಗುತ್ತದೆ. ಈ ಹಾಳೆಯನ್ನು ಪ್ರತಿ ಡೀಲರಿಗೂ ಅವನದೇ ಸಂಖ್ಯೆಗಳನ್ನು ಹಾಕಿ ಕೊಡಬೇಕು. ಸುತ್ತೋಲೆ ಕಳಿಸಿ ಸುಮ್ಮನಾದರೆ ಎಲ್ಲರೂ 7,200 ಲೀಟರಿಗೆ ಒಂದೂವರೆ ಶೇಕಡಾ ಎಂಬ ಸಾಲನ್ನಷ್ಟೇ ಓದಿ ಕೂಗಾಡುತ್ತಾರೆ.

ಮೆಷಿನ್ ಇಲ್ಲದ ಸಣ್ಣ ಅಂಗಡಿಗಳನ್ನು ಈ ವ್ಯವಸ್ಥೆಗೆ ಎಳೆಯಬೇಡಿ. ಅವರಲ್ಲಿ ಅಳೆಯುವ ಖರ್ಚೇ ಉಳಿತಾಯಕ್ಕಿಂತ ಹೆಚ್ಚು. ಸ್ಲ್ಯಾಬ್ ಇಲ್ಲದ ಒಂದೇ ದರ, ಜೊತೆಗೆ ಪಾವತಿ ರಿಯಾಯಿತಿ ಸಾಕು. ಗಡಿಯೇ ಇಲ್ಲದಿದ್ದರೆ ಅದನ್ನು ಮುಟ್ಟಲು ಯಾರೂ ತುಂಬಿಕೊಳ್ಳುವುದಿಲ್ಲ.

## ಹೆಜ್ಜೆ 5: ಕ್ಯಾಲೆಂಡರ್ ಮತ್ತು ಟಾರ್ಗೆಟ್

ಎಲ್ಲ ಡೀಲರುಗಳ ತ್ರೈಮಾಸಿಕವೂ ಕಂಪನಿಯ ತ್ರೈಮಾಸಿಕದ ದಿನವೇ ಮುಗಿಯಬೇಕೆಂದೇನಿಲ್ಲ. ಡೀಲರುಗಳನ್ನು ಮೂರು ಗುಂಪು ಮಾಡಿ, ಪ್ರತಿ ಗುಂಪಿನ ಮೂರು ತಿಂಗಳು ಬೇರೆ ಬೇರೆ ತಿಂಗಳಲ್ಲಿ ಮುಗಿಯುವಂತೆ ಮಾಡಿ. ಕೊನೆಯ ವಾರದ ಒತ್ತಡ ಮೂರು ಪಾಲಾಗುತ್ತದೆ, ಡಿಪೋದಲ್ಲಿ ಲಾರಿ ಸಾಲು ಕರಗುತ್ತದೆ. ತ್ರೈಮಾಸಿಕದ ಕೊನೆಯಲ್ಲಿ ಮಾರಾಟ ಅಧಿಕಾರಿ ಎಲ್ಲ ಡೀಲರುಗಳ ಬಾಗಿಲನ್ನೂ ಒಂದೇ ಮಾತು ಹಿಡಿದು ತಟ್ಟುವುದಕ್ಕೂ ಆಗುವುದಿಲ್ಲ.

ಬುನಾದಿಯನ್ನು ವರ್ಷಕ್ಕೊಮ್ಮೆ ಮಾತ್ರ ಬದಲಿಸಿ, ಮತ್ತು ಡೀಲರ್ ಬೆಳೆಸಿದ ಮಾರಾಟದ ಅರ್ಧವನ್ನಷ್ಟೇ ಹೊಸ ಬುನಾದಿಗೆ ಸೇರಿಸಿ. ಈ ವರ್ಷ ಚೆನ್ನಾಗಿ ಮಾರಿದವನಿಗೆ ಮುಂದಿನ ವರ್ಷ ಪೂರ್ತಿ ಏರಿಸಿದ ಟಾರ್ಗೆಟ್ಟೇ ಬಹುಮಾನವಾದರೆ, ಅವನು ಮೂರನೆಯ ತ್ರೈಮಾಸಿಕದಲ್ಲೇ ಕೈ ಕಟ್ಟಿ ಕೂರುತ್ತಾನೆ.

ಹೊಸ ಉತ್ಪನ್ನ ಬಂದಾಗ ಮೊದಲ ಸರಕು ಅಂಗಡಿ ಸೇರಲೇಬೇಕು, ಅಲ್ಲಿ ಮಾರಾಟದ ಪುರಾವೆ ಕೇಳಲಾಗದು. ಅದಕ್ಕೆ ಮೊದಲ 60 ದಿನದ ಮಟ್ಟಿಗೆ ಪ್ರತ್ಯೇಕ ಸಣ್ಣ ಮೊತ್ತ ಇಟ್ಟು, ಲೀಟರಿಗೆ ಮಿತಿ ಹಾಕಿ, ಮುಖ್ಯ ಸ್ಕೀಮ್‌ಗೆ ಬೆರೆಸದೆ ಇಡಿ.

## ಹೆಜ್ಜೆ 6: ನಿಮ್ಮ ಮಾರಾಟ ಸಿಬ್ಬಂದಿಯ ಬೋನಸ್ ಬದಲಿಸಿ

ಡೀಲರ್ ಸ್ಕೀಮ್ ಎಷ್ಟೇ ಚೆನ್ನಾಗಿದ್ದರೂ ಮಾರಾಟ ಅಧಿಕಾರಿಯ ಬೋನಸ್ ಬಿಲ್ಲಿಂಗ್ ಮೇಲೆಯೇ ನಿಂತಿದ್ದರೆ ಮಾಲು ತುಂಬುತ್ತಲೇ ಇರುತ್ತದೆ. ವ್ಯತ್ಯಾಸ ಇಷ್ಟೇ, ಮೊದಲು ಕಾಗದದಲ್ಲಿ ನಡೆಯುತ್ತಿದ್ದದ್ದು ಈಗ ಬಾಯಿಮಾತಿನಲ್ಲಿ ನಡೆಯುತ್ತದೆ: “ಈಗ ಎತ್ಕೊಳ್ಳಿ ಸಾರ್, ಮುಂದಿನ ತಿಂಗಳು ನಾನೇ ವಾಪಸ್ ತಗೊಳ್ತೀನಿ. ದುಡ್ಡಿಗೂ ಒಂದು ತಿಂಗಳು ಟೈಮ್ ಕೊಡ್ತೀನಿ.”

ಅಧಿಕಾರಿ ಮತ್ತು ಅವರ ಮೇಲಿನ ಪ್ರದೇಶ ವ್ಯವಸ್ಥಾಪಕರ ಬೋನಸ್‌ನ ದೊಡ್ಡ ಪಾಲು, ಮುಕ್ಕಾಲಿನಷ್ಟಾದರೂ, ಅವರ ಡೀಲರುಗಳ ಅಂಗಡಿ ಮಾರಾಟದ ಮೇಲಿರಬೇಕು. ಉಳಿದದ್ದು ವಸೂಲಿಯ ಮೇಲೆ. ಸಾಲದ ಅವಧಿ ವಿಸ್ತರಿಸುವ ಅಧಿಕಾರ ಮಾರಾಟ ವಿಭಾಗದಲ್ಲಿ ಇರಕೂಡದು. ದಾಸ್ತಾನು ಮಿತಿ ಮೀರಿದ ಡೀಲರಿನಿಂದ ಬಂದ ಆರ್ಡರನ್ನು ಬಿಲ್ಲಿಂಗ್ ಸಾಫ್ಟ್‌ವೇರೇ ತಡೆದು, ಹಣಕಾಸು ವಿಭಾಗದ ಒಪ್ಪಿಗೆ ಕೇಳಬೇಕು. ದೊಡ್ಡ ಕಟ್ಟಡದ ಕೆಲಸ ಸಿಕ್ಕಿದೆ ಎಂದು ಡೀಲರ್ ಹೇಳಿದರೆ ಕೆಲಸದ ವಿಳಾಸ ಮತ್ತು ಆರ್ಡರ್ ಪ್ರತಿ ಕೊಡಲಿ, ಮಾಲು ನೇರ ಅಲ್ಲಿಗೇ ಹೋಗಲಿ.

ಬಾಯಿಮಾತಿನ ಭರವಸೆ ಬರೀ ಶಿಸ್ತಿನ ಪ್ರಶ್ನೆಯಲ್ಲ, ಲೆಕ್ಕಪತ್ರದ ಪ್ರಶ್ನೆಯೂ ಹೌದು. 2018ರಿಂದ ಜಾರಿಯಲ್ಲಿರುವ ಐಎಫ್‌ಆರ್‌ಎಸ್ 15 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡದ ಪ್ರಕಾರ ಡೀಲರಿಗೆ ಕೊಡಬೇಕಾಗಬಹುದಾದ ಪ್ರೋತ್ಸಾಹಧನವನ್ನು ಅಂದಾಜಿಸಿ ಆದಾಯದಿಂದಲೇ ಕಳೆಯಬೇಕು, ಹಿಂದಿರುಗಿ ಬರಬಹುದಾದ ಮಾಲನ್ನು ಆದಾಯವೆಂದು ಬರೆಯುವಂತಿಲ್ಲ. ಅಧಿಕಾರಿಯೊಬ್ಬ ಗುಟ್ಟಾಗಿ ವಾಪಸಾತಿಯ ಮಾತು ಕೊಟ್ಟಿದ್ದರೆ ಆ ಬಿಲ್ಲಿನ ಆದಾಯವೇ ತಪ್ಪು. ಅಮೆರಿಕದ ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಔಷಧ ಕಂಪನಿ ಸಗಟುದಾರರಿಗೆ ಬೇಡಿಕೆ ಮೀರಿ ಮಾಲು ಇಳಿಸಿದ ಪ್ರಕರಣದಲ್ಲಿ 2004ರಲ್ಲಿ ಅಲ್ಲಿನ ಷೇರು ನಿಯಂತ್ರಕ ಸಂಸ್ಥೆಯೊಂದಿಗೆ 15 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಸಗಟುದಾರರನ್ನು ಮಾಲು ಎತ್ತಲು ಒಪ್ಪಿಸಿದ್ದು ಹಣಕಾಸಿನ ಪ್ರೋತ್ಸಾಹಗಳೇ. ಹಾಗಾಗಿ ಪ್ರತಿ ತ್ರೈಮಾಸಿಕದ ಕೊನೆಗೆ ದೊಡ್ಡ ಡೀಲರುಗಳಿಂದ ಹಣಕಾಸು ವಿಭಾಗ ನೇರವಾಗಿ ಒಂದು ಸಾಲಿನ ದೃಢೀಕರಣ ಪಡೆಯಲಿ: ಬಿಲ್ಲಿನಲ್ಲಿ ಬರೆದಿರುವುದನ್ನು ಬಿಟ್ಟು ಬೇರೆ ಯಾವ ಭರವಸೆಯೂ ನನಗೆ ಸಿಕ್ಕಿಲ್ಲ.

## ಹೆಜ್ಜೆ 7: ಈಗಾಗಲೇ ತುಂಬಿರುವುದನ್ನು ಇಳಿಸುವ ಯೋಜನೆ

ಹೆಚ್ಚಿನ ಸ್ಕೀಮ್ ಸುಧಾರಣೆಗಳು ಸಾಯುವುದು ಇಲ್ಲಿಯೇ. ನಮ್ಮ ಡೀಲರಿನ ಬಳಿ 75 ದಿನದ ಮಾಲಿದೆ, ಮಿತಿ 40. ಹೆಚ್ಚುವರಿ 35 ದಿನ, ಅಂದರೆ 3,500 ಲೀಟರ್. ಇದು ಕರಗುವವರೆಗೆ ಅವನು ಮಾರಿದ್ದಕ್ಕಿಂತ ಕಡಿಮೆ ಖರೀದಿಸಲೇಬೇಕು. ಎರಡು ತ್ರೈಮಾಸಿಕಕ್ಕೆ ಹಂಚಿದರೆ ಒಂದೊಂದರಲ್ಲಿ 1,750 ಲೀಟರ್ ಕಡಿಮೆ, ಖರೀದಿ 7,250. ಹಿಂದಿನ 10,000ದ ಬಿಲ್ಲಿಂಗ್‌ಗೆ ಹೋಲಿಸಿದರೆ 27.5 ಶೇಕಡಾ ಕುಸಿತ. ಗಿರಾಕಿ ಒಂದು ಲೀಟರನ್ನೂ ಕಡಿಮೆ ಕೊಂಡಿಲ್ಲ, ಆದರೂ ಕಂಪನಿಯ ಪಟ್ಟಿಯಲ್ಲಿ ಮಾರಾಟ ಕಾಲು ಭಾಗಕ್ಕೂ ಹೆಚ್ಚು ಬಿದ್ದಂತೆ ಕಾಣುತ್ತದೆ.

ಈ ಸಂಖ್ಯೆಯನ್ನು ಸ್ಕೀಮ್ ಪ್ರಕಟಿಸುವ ಮುನ್ನವೇ ಎಲ್ಲ ಡೀಲರುಗಳಿಗೂ ಲೆಕ್ಕ ಹಾಕಿ, ಕಂಪನಿಯ ಬಜೆಟ್‌ನಲ್ಲಿ ಬರೆಸಿ, ಆಡಳಿತ ಮಂಡಳಿಯ ಸಹಿ ಪಡೆಯಬೇಕು. ಹಾಗೆ ಮಾಡದಿದ್ದರೆ ಎರಡನೆಯ ತಿಂಗಳಲ್ಲೇ ‘ವಿಶೇಷ ಹೆಚ್ಚುವರಿ ರಿಯಾಯಿತಿ’ ಎಂಬ ಹೆಸರಿನಲ್ಲಿ ಹಳೆಯ ಸ್ಕೀಮ್ ಹಿಂಬಾಗಿಲಿನಿಂದ ಒಳಬರುತ್ತದೆ.

ಇಳಿಸುವ ಅವಧಿಯಲ್ಲಿ ಶಿಸ್ತಿನ 0.5 ಶೇಕಡಾವನ್ನು 40 ದಿನ ಮುಟ್ಟಿದ್ದಕ್ಕಲ್ಲ, 1,750 ಲೀಟರ್ ಇಳಿಸಿದ್ದಕ್ಕೆ ಕೊಡಿ. ಹಳೆಯ ಬ್ಯಾಚ್‌ಗಳು ಮೊದಲು ಹೋಗಬೇಕು. ನೀರಿನ ಆಧಾರದ ಪೇಂಟ್ ಡಬ್ಬದಲ್ಲೇ ಹಾಳಾಗಬಲ್ಲದು: ತಳದಲ್ಲಿ ಗಟ್ಟಿ ಕೂರುತ್ತದೆ, ಬ್ಯಾಕ್ಟೀರಿಯಾ ಹಿಡಿದರೆ ಕೆಟ್ಟ ವಾಸನೆ ಬರುತ್ತದೆ. ಬಳಕೆ ಅವಧಿ ಮುಗಿಯಲು ಆರು ತಿಂಗಳೂ ಇಲ್ಲದ ಡಬ್ಬಗಳನ್ನು ಪಟ್ಟಿ ಮಾಡಿ, ಬೇಗ ಓಡುವ ಅಂಗಡಿಗಳಿಗೆ ಕಂಪನಿಯೇ ಬಿಲ್ ಮಾಡಿ ಸ್ಥಳಾಂತರಿಸುವುದು ಒಳ್ಳೆಯದು.

## ಹೆಜ್ಜೆ 8: ಹಣ ಕೊಡುವ ಮೊದಲು ಓಡಿಸಿ ನೋಡಿ, ಆಮೇಲೆ ಕಣ್ಣಿಡಿ

ಕಳೆದ ಎಂಟು ತ್ರೈಮಾಸಿಕಗಳ ದಾಖಲೆಗೆ ಹೊಸ ನಿಯಮ ಹಾಕಿ, ಯಾರಿಗೆ ಎಷ್ಟು ಸಿಗುತ್ತಿತ್ತು ಎಂದು ನೋಡಿ. ಹೆಚ್ಚು ಕಳೆದುಕೊಳ್ಳುವ ಹೆಸರುಗಳನ್ನು ಒಂದೊಂದಾಗಿ ಪರಿಶೀಲಿಸಬೇಕು. ಅವರಲ್ಲಿ ಕೆಲವರು ನಿಜವಾಗಿಯೂ ಮಾಲು ದಾಟಿಸುವವರು, ಇನ್ನು ಕೆಲವರ ಅಂಗಡಿಯಲ್ಲಿ ಮೆಷಿನ್ ಇಂಟರ್ನೆಟ್‌ಗೆ ಸೇರದೆ ದಾಖಲೆಯೇ ಬಂದಿರುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಒಳ್ಳೆಯ ಡೀಲರುಗಳು ಕೈತಪ್ಪುತ್ತಾರೆ. ಆಮೇಲೆ ಮೂವತ್ತರಷ್ಟು ಅಂಗಡಿಗಳಲ್ಲಿ ಒಂದು ತ್ರೈಮಾಸಿಕ ಲೆಕ್ಕ ಮಾತ್ರ ಓಡಿಸಿ: ಹಣ ಹಳೆಯ ಸ್ಕೀಮ್‌ನಂತೆ, ಹೊಸದರ ಪ್ರಕಾರ ಎಷ್ಟಾಗುತ್ತಿತ್ತು ಎಂಬುದು ತಿಂಗಳ ತಖ್ತೆಯಲ್ಲಿ.

ಮೆಷಿನ್ ಕೆಟ್ಟು ನಿಂತ ದಿನಗಳಿಗೆ ಏನು ಮಾಡಬೇಕೆಂದು ನಿಯಮದಲ್ಲೇ ಬರೆದಿರಲಿ. ಸರ್ವಿಸ್ ದೂರು ದಾಖಲಾಗಿದ್ದರೆ ಆ ದಿನಗಳಿಗೆ ಹಿಂದಿನ 30 ದಿನದ ಸರಾಸರಿ ಸಲ್ಲಬೇಕು. ದೂರೇ ಇಲ್ಲದಿದ್ದರೆ ಏನೂ ಸಲ್ಲದು. ಈ ಒಂದು ಸಾಲು ಇಲ್ಲದ ಸ್ಕೀಮ್‌ಗಳಲ್ಲಿ ತಕರಾರುಗಳ ರಾಶಿಯೇ ಏಳುತ್ತದೆ.

ಸ್ಕೀಮ್ ಶುರುವಾದ ಮೇಲೆ ನೋಡಬೇಕಾದ ಗುರುತುಗಳಲ್ಲಿ ಅತ್ಯಂತ ನಂಬಿಕಸ್ಥವಾದದ್ದು ಡಬ್ಬದ ವಯಸ್ಸು. ಪೇಂಟರ್ ಸ್ಕ್ಯಾನ್ ಮಾಡಿದ ದಿನದಿಂದ ಆ ಡಬ್ಬ ಡಿಪೋ ಬಿಟ್ಟ ದಿನವನ್ನು ಕಳೆದರೆ ಅದು ಚಾನೆಲ್‌ನಲ್ಲಿ ಎಷ್ಟು ದಿನ ಕೂತಿತ್ತು ಎಂದು ಗೊತ್ತಾಗುತ್ತದೆ. ಇದನ್ನು ತಿರುಚುವುದು ಡೀಲರಿಗೂ ಕಷ್ಟ, ನಿಮ್ಮ ಅಧಿಕಾರಿಗೂ ಕಷ್ಟ. ಇದಕ್ಕೆ ಪ್ರತಿ ಡಬ್ಬದ ಕೋಡ್ ಯಾವ ಡೀಲರಿಗೆ ಹೋಯಿತು ಎಂದು ಡಿಪೋದಲ್ಲೇ ದಾಖಲಾಗಿರಬೇಕು, ಇಲ್ಲವಾದರೆ ಬ್ಯಾಚ್ ಮಟ್ಟದ ಅಂದಾಜು ಮಾತ್ರ ಸಾಧ್ಯ. ಸರಾಸರಿ ವಯಸ್ಸು 70ರಿಂದ 45 ದಿನಕ್ಕೆ ಇಳಿಯುತ್ತಿದ್ದರೆ ಸ್ಕೀಮ್ ಕೆಲಸ ಮಾಡುತ್ತಿದೆ. ಬಿಲ್ಲಿಂಗ್ ಏರುತ್ತಾ ವಯಸ್ಸೂ ಏರುತ್ತಿದ್ದರೆ ಎಲ್ಲೋ ಮಾಲು ಕೂಡುತ್ತಿದೆ, ಅದು ಯಾವ ಪ್ರದೇಶದಲ್ಲಿ ಎಂಬುದೂ ಅದೇ ಪಟ್ಟಿಯಲ್ಲಿ ಕಾಣುತ್ತದೆ.

ಅದೇ ಕೋಡ್ ಮಾಲು ದಾಟಿಸುವವನನ್ನೂ ತೋರಿಸಿಕೊಡುತ್ತದೆ. ಒಬ್ಬ ಡೀಲರಿಗೆ ಬಿಲ್ ಆದ ಡಬ್ಬಗಳು ದೂರದ ಪ್ರದೇಶದಲ್ಲಿ ಅಲ್ಲೊಂದು ಇಲ್ಲೊಂದು ಸ್ಕ್ಯಾನ್ ಆದರೆ ಚಿಂತೆಯಿಲ್ಲ, ಪೇಂಟರುಗಳು ಕೆಲಸ ಹುಡುಕಿ ಓಡಾಡುತ್ತಾರೆ. ಒಂದೇ ಬಿಲ್ಲಿನ ಅರ್ಧ ಮಾಲು ಒಂದೇ ಕಡೆ ಸ್ಕ್ಯಾನ್ ಆದರೆ ಮಾತನಾಡಬೇಕು. ಹಾಗೆಂದು ಇಂತಿಷ್ಟು ಬೆಲೆಗಿಂತ ಕೆಳಗೆ ಮಾರಿದರೆ ಸ್ಕೀಮ್ ಇಲ್ಲ ಎಂಬ ಷರತ್ತು ಹಾಕಲು ಹೋಗಬೇಡಿ. ಡೀಲರ್ ಮಾರುವ ಬೆಲೆಯನ್ನು ತಯಾರಕ ಕಟ್ಟಿಹಾಕುವುದು ಹಲವು ದೇಶಗಳ ಸ್ಪರ್ಧಾ ಕಾನೂನಿನ ಉಲ್ಲಂಘನೆಯಾಗಬಹುದು. ಅವನ ಪ್ರದೇಶದಲ್ಲಿ ಪುರಾವೆ ಸಿಗದ ಲೀಟರಿಗೆ ಹಣ ಕೊಡದಿದ್ದರೆ ಸಾಕು, ಅಷ್ಟು ಕಡಿಮೆ ಬೆಲೆಗೆ ದಾಟಿಸಲು ಬೇಕಾದ ಹಣ ಅವನ ಕೈಯಲ್ಲಿ ಉಳಿಯುವುದಿಲ್ಲ.